ಕೋಷ್ಟಕದ ಪ್ರಶ್ನೆ: ಸೀಮಾಂತ ವೆಚ್ಚ ಎಲ್ಲಾ ಸಾಲಿನಲ್ಲೂ 600 ಬರ್ತಿದೆ, ಯಾಕೆ?

ಮಹಾಗಾಂವ ಕ್ರಾಸ್

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯಲ್ಲಿ ಬಿ.ಎ. ಓದ್ತಿದ್ದೇನೆ, ಅರ್ಥಶಾಸ್ತ್ರ ಒಂದು ವಿಷಯ. ಕಿರು ಪರೀಕ್ಷೆಗೆ ಕೊಟ್ಟ ಪ್ರಶ್ನೆ ಇದು. ಒಂದು ಚಿಕ್ಕ ದಾಲ್ ಮಿಲ್. ಯಂತ್ರ, ಶೆಡ್ಡು, ಅಂಗಳ ಎಲ್ಲಾ ಇದ್ದಷ್ಟೇ, ಆಳು ಮಾತ್ರ ಹೆಚ್ಚು ಕಡಿಮೆ ಮಾಡಬಹುದು. ಒಂದು ದಿನದ ಲೆಕ್ಕ ಹೀಗಿದೆ:

| ಆಳು | ಒಟ್ಟು ಉತ್ಪನ್ನ (ಕ್ವಿಂಟಾಲ್ ಬೇಳೆ) |
|---|---|
| 0 | 0 |
| 1 | 4 |
| 2 | 10 |
| 3 | 18 |
| 4 | 24 |
| 5 | 28 |
| 6 | 30 |
| 7 | 30 |
| 8 | 28 |

ಕೂಲಿ ಒಬ್ಬರಿಗೆ ದಿನಕ್ಕೆ 600 ರೂಪಾಯಿ. ಸ್ಥಿರ ವೆಚ್ಚ ದಿನಕ್ಕೆ 1,200.

ಕೇಳಿರೋದು ಮೂರು. ಇಳಿಮುಖ ಪ್ರತಿಫಲ ಯಾವ ಆಳಿನಿಂದ ಶುರು? ಸೀಮಾಂತ ವೆಚ್ಚ ಎಲ್ಲಿ ಅತಿ ಕಡಿಮೆ? ಸರಾಸರಿ ಬದಲಾಗುವ ವೆಚ್ಚ ಎಲ್ಲಿ ಅತಿ ಕಡಿಮೆ?

ನಾನು ಒಟ್ಟು ವೆಚ್ಚ ಬರೆದೆ: 1,200, 1,800, 2,400, 3,000 ಹೀಗೆ. ಒಂದರಿಂದ ಇನ್ನೊಂದು ಕಳೆದರೆ ಪ್ರತಿ ಸಲ 600 ಬರುತ್ತದೆ. ಅಂದ್ರೆ ಸೀಮಾಂತ ವೆಚ್ಚದ ರೇಖೆ ಅಡ್ಡಗೆರೆ ಆಗಬೇಕು. ಆದರೆ ಉತ್ತರದಲ್ಲಿ ಯು ಆಕಾರ ಅಂತ ಇದೆ. ಕೂಲಿ ಎಲ್ಲರಿಗೂ ಒಂದೇ ಇರುವಾಗ ಯು ಎಲ್ಲಿಂದ ಬಂತು?

---

ರ‍್ಯಾಂಕ್ ಬೇಕೇ ಬೇಕು

ತುಂಬಾ ಸುಲಭ. ಸೀಮಾಂತ ಉತ್ಪನ್ನ ಮೇಲೆ ಹೋಗಿ ಕೆಳಗೆ ಬರುತ್ತೆ, ಸೀಮಾಂತ ವೆಚ್ಚ ಕೆಳಗೆ ಹೋಗಿ ಮೇಲೆ ಬರುತ್ತೆ. ಒಂದನ್ನು ತಲೆಕೆಳಗೆ ಮಾಡಿದರೆ ಇನ್ನೊಂದು. ಸೀಮಾಂತ ವೆಚ್ಚ ಮತ್ತು ಸರಾಸರಿ ಬದಲಾಗುವ ವೆಚ್ಚ ಸಮ ಇರೋ ಸಾಲು ಹುಡುಕಿ, ಅದೇ ಸರಾಸರಿಯ ತಳ. ಪರೀಕ್ಷೆಯಲ್ಲಿ ಅರ್ಧ ನಿಮಿಷದ ಕೆಲಸ.

---

ಮಹಾಗಾಂವ ಕ್ರಾಸ್

ಅಣ್ಣ, ತಲೆಕೆಳಗೆ ಮಾಡೋಕೆ ಮೊದಲು ನನ್ನ 600 ತಪ್ಪೋ ಸರಿಯೋ ಹೇಳಿ. ಅದೇ ತಿಳಿಯದೆ ಕೂತಿದ್ದೇನೆ.

---

ಬೀದರ್ ಮೇಷ್ಟ್ರು

ತಂಗಿ, 600 ತಪ್ಪಲ್ಲ. ಆದರೆ ಅದು ಒಬ್ಬ ಆಳು ಜಾಸ್ತಿ ಆದಾಗ ಏರಿದ ವೆಚ್ಚ. ನಿಮ್ಮನ್ನು ಕೇಳಿರೋದು ಒಂದು ಕ್ವಿಂಟಾಲ್ ಬೇಳೆ ಜಾಸ್ತಿ ಆದಾಗ ಏರುವ ವೆಚ್ಚ. ವೆಚ್ಚದ ಮಾತು ಬಂದಾಗಲೆಲ್ಲ ಲೆಕ್ಕ ಬೇಳೆಯ ಮೇಲೆ, ಆಳಿನ ಮೇಲೆ ಅಲ್ಲ.

ಎರಡನೇ ಆಳು ಬಂದಾಗ 600 ಕೊಟ್ಟಿರಿ, ಬೇಳೆ 4ರಿಂದ 10ಕ್ಕೆ ಏರಿತು. ಅಂದ್ರೆ 600 ರೂಪಾಯಿಗೆ 6 ಕ್ವಿಂಟಾಲ್. ಕ್ವಿಂಟಾಲಿಗೆ 100. ಮೂರನೇ ಆಳಿಗೂ ಅದೇ 600, ಆದರೆ ಬೇಳೆ 8 ಏರಿತು. ಕ್ವಿಂಟಾಲಿಗೆ 75. ಐದನೇ ಆಳಿಗೆ 4 ಮಾತ್ರ ಏರಿತು, ಕ್ವಿಂಟಾಲಿಗೆ 150. ಕೊಟ್ಟ ಹಣ ಒಂದೇ, ಬಂದ ಬೇಳೆ ಬೇರೆ ಬೇರೆ. ಯು ಬಂದಿದ್ದು ಅಲ್ಲಿಂದ.

ಪುಸ್ತಕದ ಉದಾಹರಣೆಯಲ್ಲಿ ಉತ್ಪನ್ನ 1, 2, 3, 4 ಅಂತ ಒಂದೊಂದೇ ಏರುತ್ತೆ. ಅಲ್ಲಿ ಸುಮ್ನೆ ಕಳೆದರೂ ಉತ್ತರ ಸರಿ ಬರುತ್ತೆ, ಯಾಕಂದ್ರೆ 1ರಿಂದ ಭಾಗಿಸಿದರೆ ಏನೂ ಬದಲಾಗಲ್ಲ. ಅದೇ ರೂಢಿಯಾಗಿ ಬಿಡುತ್ತೆ. ಪ್ರಶ್ನೆ ತೆಗೆಯುವವರಿಗೂ ಇದು ಗೊತ್ತು. ಅದಕ್ಕೇ ಉತ್ಪನ್ನವನ್ನು 4, 10, 18 ಅಂತ ಹಾರಿಸಿ ಕೊಡ್ತಾರೆ.

ಹಾಗಾಗಿ ಬೇರೆ ಏನು ಬರೆಯುವ ಮುಂಚೆಯೂ ಉತ್ಪನ್ನ ಎಷ್ಟೆಷ್ಟು ಏರಿತು ಅಂತ ಒಂದು ಕಾಲಂ ಹಾಕಿಕೊಳ್ಳಿ. ಅದೇ ಸೀಮಾಂತ ಉತ್ಪನ್ನ. ಆಮೇಲೆ ಎಲ್ಲಾ ಅದರಿಂದಲೇ ಬರುತ್ತೆ:

| ಆಳು | ಒಟ್ಟು ಉತ್ಪನ್ನ | ಸೀಮಾಂತ ಉತ್ಪನ್ನ | ಸರಾಸರಿ ಉತ್ಪನ್ನ | ಸೀಮಾಂತ ವೆಚ್ಚ | ಸರಾಸರಿ ಬದಲಾಗುವ ವೆಚ್ಚ |
|---|---|---|---|---|---|
| 1 | 4 | 4 | 4 | 150 | 150 |
| 2 | 10 | 6 | 5 | 100 | 120 |
| 3 | 18 | 8 | 6 | 75 | 100 |
| 4 | 24 | 6 | 6 | 100 | 100 |
| 5 | 28 | 4 | 5.6 | 150 | 107.14 |
| 6 | 30 | 2 | 5 | 300 | 120 |

ಐದನೇ ಕಾಲಂ ಅಂದ್ರೆ 600ನ್ನು ಮೂರನೇ ಕಾಲಮ್ಮಿನಿಂದ ಭಾಗಿಸಿದ್ದು. ಆರನೆಯದು 600ನ್ನು ನಾಲ್ಕನೆಯದರಿಂದ ಭಾಗಿಸಿದ್ದು. ಅಷ್ಟೇ. ಒಟ್ಟು ವೆಚ್ಚ ಬರೆಯದೇ ಎರಡೂ ಸಿಗುತ್ತೆ. 7 ಮತ್ತು 8ನೇ ಸಾಲು ಬೇಕಂತಲೇ ಬಿಟ್ಟಿದ್ದೇನೆ. ಯಾಕೆ ಅಂತ ಯಾರಾದರೂ ಹೇಳ್ತೀರಾ ನೋಡೋಣ.

---

ಶಹಾಪುರ ಕಾಲುವೆ

ಸರ್, ನಮ್ಮದು ಯಾದಗಿರಿ ಜಿಲ್ಲೆ, ಶಹಾಪುರ ಕಡೆ. ಭತ್ತ ಬೆಳೀತೀವಿ. ಎರಡು ವರ್ಷ ಒಳ್ಳೆ ಇಳುವರಿ, ಈ ಸಲ ನೀರು ಸರಿಯಾಗಿ ಬರಲಿಲ್ಲ, ಇಳುವರಿ ಕುಸಿದು ಹೋಯ್ತು. ಇದೇ ಅಲ್ವಾ ಇಳಿಮುಖ ಪ್ರತಿಫಲ? ಮಣ್ಣು ದಣಿಯುತ್ತೆ, ಇಳುವರಿ ಇಳಿಯುತ್ತೆ. ಇದಕ್ಕೆ ಕೋಷ್ಟಕ ಯಾಕೆ ಬೇಕು?

---

ಬೀದರ್ ಮೇಷ್ಟ್ರು

ಅಲ್ಲ ತಮ್ಮ. ನೀರು ಬರದೇ ಇಳುವರಿ ಇಳಿದರೆ ಅದು ಬೇರೆ ಮಾತು. ಆಗ ಕೋಷ್ಟಕವೇ ಬದಲಾಯಿತು ಅಂತ ಅರ್ಥ. ಒಂದೇ ವರ್ಷ, ಒಂದೇ ಹೊಲ, ನೀರು ಬಿತ್ತನೆ ಎಲ್ಲಾ ಇದ್ದ ಹಾಗೇ ಇರಲಿ. ಒಂದು ತುಂಡಿಗೆ ಒಂದು ಚೀಲ ಯೂರಿಯಾ, ಪಕ್ಕದ ತುಂಡಿಗೆ ಎರಡು, ಅದರ ಪಕ್ಕದ್ದಕ್ಕೆ ಮೂರು ಹಾಕಿ ನೋಡಿ. ಎರಡನೇ ಚೀಲದಿಂದ ಏರಿದ್ದಕ್ಕಿಂತ ಮೂರನೇ ಚೀಲದಿಂದ ಏರಿದ್ದು ಕಡಿಮೆ ಬಂದರೆ, ಅದು ಇಳಿಮುಖ. ಆಗಲೂ ಒಟ್ಟು ಇಳುವರಿ ಏರುತ್ತಲೇ ಇರಬಹುದು. ಕಾಲ ಕಳೆದಂತೆ ಆಗುವ ಬದಲಾವಣೆಗೂ ಈ ನಿಯಮಕ್ಕೂ ಸಂಬಂಧ ಇಲ್ಲ.

---

ಶಹಾಪುರ ಕಾಲುವೆ

ಹಂಗಾದ್ರೆ ಒಟ್ಟು ಇಳುವರಿ ಏರ್ತಾ ಇದ್ರೂ ಇಳಿಮುಖ ಅಂತಾರಾ? ವಿಚಿತ್ರ ಅದ.

---

ದಾಲ್ ಮಿಲ್ ಮನೆ

ವಿಚಿತ್ರ ಏನಿಲ್ಲ ಬಿಡ್ರಿ. ನಮ್ಮದು ಕಲಬುರಗಿಯಲ್ಲಿ ದಾಲ್ ಮಿಲ್ ಇದೆ, ಅಪ್ಪನ ಕಾಲದ್ದು. ನಾನು ಅರ್ಥಶಾಸ್ತ್ರ ಓದಿದವನಲ್ಲ. ಆದರೆ ಈ ಕೋಷ್ಟಕ ನೋಡಿದರೆ ಯಾರೋ ನಮ್ಮ ಅಂಗಳದಲ್ಲಿ ನಿಂತು ಬರೆದ ಹಾಗಿದೆ.

ಒಬ್ಬನೇ ಆಳು ಇದ್ದರೆ ಏನಾಗುತ್ತೆ ಗೊತ್ತಾ? ಅವನೇ ತೊಗರಿ ಹಾಪರಿಗೆ ಸುರೀಬೇಕು, ಅವನೇ ರೋಲರ್ ಕಡೆ ಕಣ್ಣಿಡಬೇಕು, ಅವನೇ ಜರಡಿ ಕೆಳಗಿನ ಬೇಳೆ ಚೀಲಕ್ಕೆ ತುಂಬಿ ದಬ್ಬಣ, ಸುತಳಿ ಹಿಡಿದು ಬಾಯಿ ಹೊಲೀಬೇಕು. ಚೀಲ ಹೊಲಿಯುವಷ್ಟು ಹೊತ್ತು ಹಾಪರ್ ಖಾಲಿ, ರೋಲರ್ ಸುಮ್ನೆ ತಿರುಗ್ತಾ ಇರುತ್ತೆ. ಕರೆಂಟ್ ದಂಡ. ಇನ್ನೊಬ್ಬ ಬಂದರೆ ಒಬ್ಬ ಸುರೀತಾನೆ, ಇನ್ನೊಬ್ಬ ತುಂಬ್ತಾನೆ. ಮೂರನೆಯವನು ಬಂದರೆ ಹೊಲಿಗೆ ಅವನದು, ರೋಲರ್ ನಿಲ್ಲೋದೇ ಇಲ್ಲ. ಆ ಮೂರನೆಯವನಿಂದಲೇ ಜಾಸ್ತಿ ಲಾಭ.

ನಾಲ್ಕನೆಯವನು ಬಂದರೂ ಉಪಯೋಗ ಇದೆ. ನೀರು ಎಣ್ಣೆ ಹಚ್ಚಿದ ತೊಗರಿಯನ್ನು ಬಿಸಿಲಿಗೆ ಹರವೋದು, ಹೊಟ್ಟು ಪಕ್ಕಕ್ಕೆ ಎಳೆಯೋದು. ಆದರೆ ರೋಲರ್ ಒಂದೇ. ಅದು ತಿನ್ನೋದಕ್ಕಿಂತ ಜಾಸ್ತಿ ತಿನ್ನಲ್ಲ. ಏಳನೆಯವನು ಬಂದರೆ ನಿಂತುಕೊಳ್ಳೋದೇ ಕೆಲಸ. ಎಂಟನೆಯವನು ಬಂದರೆ ಉಳಿದವರ ಕಾಲಿಗೆ ಅಡ್ಡ ಬರ್ತಾನೆ, ಚೀಲ ಹೊತ್ತವರು ಅವನನ್ನು ದಾಟಿ ಹೋಗಬೇಕು.

ಒಂದು ಮಾತು ಮಾತ್ರ ಹೇಳ್ತೀನಿ. ನಾಲ್ಕನೆಯವನು ಮೈಗಳ್ಳ ಅಂತಲ್ಲ. ಮೂರನೆಯವನನ್ನು ಕೊನೆಗೆ ಕರೆದಿದ್ದರೆ ಅವನದೂ ಅದೇ ಕಥೆ.

---

ಬೀದರ್ ಮೇಷ್ಟ್ರು

ಕೊನೆಯ ಮಾತು ಎಲ್ಲರೂ ಬರೆದಿಟ್ಟುಕೊಳ್ಳಿ. ಎಲ್ಲಾ ಆಳುಗಳೂ ಸಮ ಅಂತ ಇಟ್ಟುಕೊಂಡರೂ ಇಳಿಮುಖ ಬಂದೇ ಬರುತ್ತೆ. ಕಾರಣ ರೋಲರ್ ಒಂದೇ ಇರೋದು. «ಸೀಮಾಂತ ಉತ್ಪನ್ನ ಇಳಿಯಲು ಕಾರಣ ಹೊಸ ಕೆಲಸಗಾರರ ಕೌಶಲ ಕಡಿಮೆ» ಅಂತ ಒಂದು ಆಯ್ಕೆ ಕೊಟ್ಟಿದ್ದರೆ ಅದು ತಪ್ಪು.

---

ಸೇಡಂ ರೋಡ್ ಅಕ್ಕ

ನಾನು ಪಿಯುಸಿ ಮಕ್ಕಳಿಗೆ ಮನೆಪಾಠ ಹೇಳ್ತೀನಿ. 7 ಮತ್ತು 8ನೇ ಸಾಲಿನ ಪ್ರಶ್ನೆಗೆ ನಾನು ಉತ್ತರ ಹೇಳ್ತೀನಿ ಸರ್. ಏಳನೇ ಆಳಿಗೆ 600 ಕೊಟ್ಟರೂ ಒಂದು ಕಾಳೂ ಏರಲಿಲ್ಲ. 600ನ್ನು ಸೊನ್ನೆಯಿಂದ ಭಾಗಿಸೋಕೆ ಆಗಲ್ಲ. ಮಕ್ಕಳು ಅಲ್ಲಿ ಸೀಮಾಂತ ವೆಚ್ಚ 0 ಅಂತ ಬರೆದು ಬಿಡ್ತಾರೆ. ಹಾಗೆ ಬರೆದರೆ ಬೇಳೆ ಪುಕ್ಕಟೆ ಸಿಕ್ಕ ಹಾಗಾಯ್ತು! ಆ ಜಾಗದಲ್ಲಿ ಒಂದು ಗೆರೆ ಎಳೆದು ಬಿಡಬೇಕು.

ಎಂಟನೇ ಸಾಲಿಗೆ ಮೈನಸ್ 300 ಬರುತ್ತೆ. ಅದನ್ನು ಬರೆಯಬೇಕಾ ಬಿಡಬೇಕಾ ಅನ್ನೋದು ನನಗೂ ಗೊಂದಲ.

---

ಬೀದರ್ ಮೇಷ್ಟ್ರು

ಬಿಡಬೇಕು ತಾಯಿ. ವೆಚ್ಚದ ಕೋಷ್ಟಕ ಅಂದ್ರೆ ಇಷ್ಟು ಬೇಳೆಗೆ ಕನಿಷ್ಠ ಎಷ್ಟು ಖರ್ಚು ಅಂತ. 28 ಕ್ವಿಂಟಾಲ್ ಬೇಳೆ 5 ಆಳಿನಿಂದ ಬರುತ್ತೆ, 8 ಆಳಿನಿಂದಲೂ ಬರುತ್ತೆ. ಐದು ಆಳಿಗೆ ಕೂಲಿ 3,000, ಸ್ಥಿರ ವೆಚ್ಚ ಸೇರಿಸಿದರೆ 4,200. ಎಂಟು ಆಳಿಗೆ 4,800, ಒಟ್ಟು 6,000. 28ರ ವೆಚ್ಚ ಎಷ್ಟು ಅಂತ ಕೇಳಿದರೆ ಉತ್ತರ 4,200 ಮಾತ್ರ. 6,000 ಅನ್ನೋದು ದಡ್ಡತನದ ಲೆಕ್ಕ. ಉತ್ಪನ್ನದ ಕೋಷ್ಟಕದಲ್ಲಿ ಎಂಟನೇ ಸಾಲು ಇರಲಿ, ವೆಚ್ಚದ ಕೋಷ್ಟಕ 30ಕ್ಕೆ ನಿಲ್ಲುತ್ತೆ. ಅದಕ್ಕೇ ಸೀಮಾಂತ ಉತ್ಪನ್ನ ಮೈನಸ್ ಆಗಬಹುದು, ಆದರೆ ಪುಸ್ತಕದಲ್ಲಿ ಸೀಮಾಂತ ವೆಚ್ಚ ಮೈನಸ್ ಇರುವ ಚಿತ್ರ ನೀವು ನೋಡಲ್ಲ.

---

ರ‍್ಯಾಂಕ್ ಬೇಕೇ ಬೇಕು

ನನ್ನ ಸೂತ್ರ ಸರಿ ಇದೆ ನೋಡಿ. ನಾಲ್ಕನೇ ಸಾಲಿನಲ್ಲಿ ಸೀಮಾಂತ ವೆಚ್ಚ 100, ಸರಾಸರಿ ಬದಲಾಗುವ ವೆಚ್ಚ 100. ಸಮ. ಅದೇ ತಳ. ಉತ್ತರ 24.

---

ಬೀದರ್ ಮೇಷ್ಟ್ರು

ಸಮ ಇರುವ ಸಾಲು ಹುಡುಕೋದೇ ಆದರೆ ಮೊದಲನೇ ಸಾಲನ್ನೂ ನೋಡಿ. ಅಲ್ಲೂ 150, 150. ಅದೂ ತಳವಾ?

ಮೊದಲ ಸಾಲಿನಲ್ಲಿ ಎರಡೂ ಯಾವಾಗಲೂ ಸಮ. ಒಬ್ಬನೇ ಆಳು ಇರುವಾಗ ಅವನಿಂದ ಏರಿದ್ದೂ ಸರಾಸರಿಯೂ ಒಂದೇ ತಾನೆ. ಹಾಗಾಗಿ ಸಮ ಇದೆ ಅಂತ ಮೇಲಿನಿಂದ ಹುಡುಕುತ್ತಾ ಬಂದವರು ಮೊದಲ ಸಾಲಿಗೇ ಸಿಕ್ಕಿಬೀಳ್ತಾರೆ.

ಇನ್ನೊಂದು ಕೋಷ್ಟಕ ಕೊಡ್ತೀನಿ. ಕೂಲಿ 630, ಒಂದರಿಂದ ಐದು ಆಳಿಗೆ ಬೇಳೆ 5, 12, 21, 27, 30. ಲೆಕ್ಕ ಹಾಕಿ ಸಮ ಇರುವ ಸಾಲು ತೋರಿಸಿ.

---

ರ‍್ಯಾಂಕ್ ಬೇಕೇ ಬೇಕು

ಸೀಮಾಂತ ವೆಚ್ಚ 126, 90, 70, 105, 210. ಸರಾಸರಿ ಬದಲಾಗುವ ವೆಚ್ಚ 126, 105, 90, 93.33, 105. ಮೊದಲನೆಯದು ಬಿಟ್ಟರೆ ಸಮ ಎಲ್ಲೂ ಇಲ್ಲ. 90 ಎರಡು ಕಡೆ ಇದೆ, ಆದರೆ ಸಾಲು ಬೇರೆ. ಕೋಷ್ಟಕ ತಪ್ಪಿರಬೇಕು.

---

ಬೀದರ್ ಮೇಷ್ಟ್ರು

ಕೋಷ್ಟಕ ತಪ್ಪಿಲ್ಲ. ರೇಖೆ ಎಳೆದರೆ ಛೇದ ಆಗುತ್ತೆ, ಆದರೆ ಆ ಜಾಗ ಎರಡು ಸಾಲಿನ ನಡುವೆ ಬೀಳುತ್ತೆ. ಆಳನ್ನು ಅರ್ಧ, ಕಾಲು ಅಂತ ಕೂಲಿಗೆ ಕರೆಯೋಕೆ ಆಗಲ್ಲವಲ್ಲ. ಹೆಚ್ಚಿನ ಪ್ರಶ್ನೆಪತ್ರಿಕೆಯ ಕೋಷ್ಟಕಗಳು ಹೀಗೇ ಇರುತ್ತವೆ. ತಂಗಿ ಕೊಟ್ಟ ಕೋಷ್ಟಕದಲ್ಲಿ ಸಮ ಬಂದಿದ್ದು ಪ್ರಶ್ನೆ ತೆಗೆದವರ ಜಾಣತನ.

ಸಮ ಹುಡುಕುವ ಬದಲು ಹೀಗೆ ನೋಡಿ. ಸೀಮಾಂತ ವೆಚ್ಚ ಸರಾಸರಿಗಿಂತ ಕೆಳಗಿದ್ದಷ್ಟು ಹೊತ್ತೂ ಸರಾಸರಿ ಇಳೀತಾ ಇರುತ್ತೆ. ಯಾವ ಸಾಲಿನಲ್ಲಿ ಅದು ಸರಾಸರಿಯ ಮೇಲೆ ಹೋಯ್ತೋ ಅಲ್ಲಿಂದ ಸರಾಸರಿ ಏರುತ್ತೆ. ಮೂರನೇ ಸಾಲಿನಲ್ಲಿ 70 ಮತ್ತು 90, ಇನ್ನೂ ಕೆಳಗಿದೆ. ನಾಲ್ಕನೆಯದರಲ್ಲಿ 105 ಮತ್ತು 93.33, ಮೇಲೆ ಹೋಯ್ತು. ಹಾಗಾದರೆ ತಳ ಮೂರನೇ ಸಾಲು, 21 ಕ್ವಿಂಟಾಲ್, 90 ರೂಪಾಯಿ. ಕಣ್ಣಿಗೆ ಕಾಣುವ ಕನಿಷ್ಠವೂ ಅದೇ.

---

ಮಹಾಗಾಂವ ಕ್ರಾಸ್

ಸರ್, ಇದು ಅರ್ಥ ಆಯ್ತು. ಆದರೆ ನನ್ನ ಕೋಷ್ಟಕದಲ್ಲಿ 100 ಎರಡು ಸಾಲಿನಲ್ಲಿ ಇದೆ. 18ಕ್ಕೂ 100, 24ಕ್ಕೂ 100. ತಳ ಯಾವುದು ಬರೀಲಿ? ಗ್ರಾಫ್ ಹಾಕಿದರೆ ಛೇದ 24ರಲ್ಲಿ ಬರುತ್ತೆ, ಆದರೆ ಸರಾಸರಿ 18ಕ್ಕೇ ತಳ ಮುಟ್ಟಿ ಬಿಟ್ಟಿದೆ. ಹೊಂದ್ತಾ ಇಲ್ಲ.

---

ಬೀದರ್ ಮೇಷ್ಟ್ರು

ಚೆನ್ನಾಗಿ ಗಮನಿಸಿದ್ದೀರಿ. ಹೊಂದದೇ ಇರೋದಕ್ಕೆ ಕಾರಣ ನೀವು ಚುಕ್ಕಿ ಇಟ್ಟ ಜಾಗ.

ಸೀಮಾಂತ ವೆಚ್ಚ 100 ಅನ್ನೋದು 24ನೇ ಕ್ವಿಂಟಾಲಿನದಲ್ಲ. 18ರಿಂದ 24ರವರೆಗೆ ಹೋಗುವಾಗಿನ ದರ ಅದು. ದಾರಿಯ ದರವನ್ನು ದಾರಿಯ ಕೊನೆಯಲ್ಲಿ ಇಟ್ಟರೆ ರೇಖೆ ಪೂರ್ತಿ ಬಲಕ್ಕೆ ಸರಿಯುತ್ತೆ. ನಡುವೆ ಇಡಿ, ಅಂದ್ರೆ 21ರಲ್ಲಿ. ಹಾಗೇ 75ನ್ನು 10 ಮತ್ತು 18ರ ನಡುವೆ, 14ರಲ್ಲಿ. 150ನ್ನು 24 ಮತ್ತು 28ರ ನಡುವೆ, 26ರಲ್ಲಿ.

ಸರಾಸರಿಗೆ ಹೀಗೆ ಮಾಡಬೇಡಿ. ಅದು ಆ ಮಟ್ಟದ್ದೇ ಲೆಕ್ಕ, 18ರದ್ದು 18ರಲ್ಲೇ, 24ರದ್ದು 24ರಲ್ಲೇ.

ಈಗ ನೋಡಿ. ಸರಾಸರಿ ಬದಲಾಗುವ ವೆಚ್ಚ 18ರಿಂದ 24ರವರೆಗೆ 100ರಲ್ಲಿ ಸಪಾಟಾಗಿದೆ. ಸೀಮಾಂತ ವೆಚ್ಚ ಅದನ್ನು 21ರಲ್ಲಿ, ಸರಿಯಾಗಿ ನಡುವೆ ದಾಟುತ್ತೆ. ಎರಡನೇ ಕೋಷ್ಟಕಕ್ಕೂ ಮಾಡಿ ನೋಡಿ. 70ನ್ನು 16.5ರಲ್ಲಿ, 105ನ್ನು 24ರಲ್ಲಿ ಇಟ್ಟು ಗೆರೆ ಸೇರಿಸಿದರೆ, ಆ ಗೆರೆ 90ನ್ನು ಸುಮಾರು 21ರ ಹತ್ತಿರ ಮುಟ್ಟುತ್ತೆ. ತಳ ಇರೋದೂ ಅಲ್ಲೇ.

ಬರೆಯುವಾಗ «18 ಮತ್ತು 24ರಲ್ಲಿ 100, ಇದೇ ಕನಿಷ್ಠ» ಅಂತ ಎರಡನ್ನೂ ಬರೆಯಿರಿ. ಒಂದೇ ಆಯ್ಕೆ ಮಾಡಬೇಕಾದರೆ ಸೀಮಾಂತ ವೆಚ್ಚಕ್ಕೆ ಸಮ ಇರುವ 24ನ್ನು ಗುರುತಿಸೋದು ರೂಢಿ. ಅಲ್ಲಿ ರ‍್ಯಾಂಕ್ ಅವರ ಉತ್ತರ ಸರಿಯೇ, ಕಾರಣ ಮಾತ್ರ ಅರ್ಧ.

---

ರ‍್ಯಾಂಕ್ ಬೇಕೇ ಬೇಕು

ವಸ್ತುನಿಷ್ಠ ಪರೀಕ್ಷೆಯಲ್ಲಿ ಯಾರೂ ಗ್ರಾಫ್ ಹಾಕಿಸಲ್ಲ ಸರ್. ನಡುವೆ ಚುಕ್ಕಿ ಇಡೋದೆಲ್ಲ ಅಲ್ಲಿ ಬೇಕಿಲ್ಲ.

---

ಸೇಡಂ ರೋಡ್ ಅಕ್ಕ

ಪಿಯುಸಿ ಮಕ್ಕಳಿಗೆ ಚಿತ್ರ ಬರೆಯೋಕೆ ಅಂತಲೇ ಅಂಕ ಇರುತ್ತಲ್ಲ, ಅವರಿಗೆ ಬೇಕು. ನನ್ನ ಮಕ್ಕಳು ಮೂರು ಯು ಬರೀತಾರೆ, ಮೂರರ ತಳವೂ ಒಂದೇ ನೇರಕ್ಕೆ ಇಟ್ಟು ಬಿಡ್ತಾರೆ. ಇನ್ನು ಮೇಲೆ ಈ ಕೋಷ್ಟಕವನ್ನೇ ಹಾಕಿಸ್ತೀನಿ.

ಒಟ್ಟು ಸರಾಸರಿಯನ್ನೂ ಸೇರಿಸಿ ನೋಡಿದೆ. ಉತ್ಪನ್ನ 4, 10, 18, 24, 28, 30ಕ್ಕೆ ಕ್ರಮವಾಗಿ 450, 240, 166.67, 150, 150, 160. ಅಂದ್ರೆ ಮೊದಲು ಸೀಮಾಂತ ವೆಚ್ಚ ತಳ ಮುಟ್ಟುತ್ತೆ, ಆಮೇಲೆ ಸರಾಸರಿ ಬದಲಾಗುವ ವೆಚ್ಚ, ಕೊನೆಗೆ ಒಟ್ಟು ಸರಾಸರಿ. ಸೀಮಾಂತ ವೆಚ್ಚ 150 ಆಗೋದು 26ರಲ್ಲಿ, ಒಟ್ಟು ಸರಾಸರಿ 24ರಿಂದ 28ರವರೆಗೆ 150. ಇಲ್ಲೂ ನಡುವೆಯೇ ದಾಟ್ತು!

---

ಶಹಾಪುರ ಕಾಲುವೆ

ಒಂದು ಡೌಟು. ಮಿಲ್ ಬಾಡಿಗೆ ಏರಿತು ಅನ್ರಿ, 1,200 ಇದ್ದದ್ದು 2,400 ಆಯ್ತು. ಆಗ ಎಲ್ಲಾ ರೇಖೆನೂ ಮೇಲೆ ಹೋಗ್ತಾವಲ್ಲ?

---

ಬೀದರ್ ಮೇಷ್ಟ್ರು

ಸೀಮಾಂತ ವೆಚ್ಚ ಕದಲಲ್ಲ. ಸರಾಸರಿ ಬದಲಾಗುವ ವೆಚ್ಚವೂ ಕದಲಲ್ಲ. ಅವೆರಡರ ಲೆಕ್ಕದಲ್ಲಿ ಬಾಡಿಗೆ ಬಂದೇ ಇಲ್ಲವಲ್ಲ, ಕೂಲಿ ಮತ್ತು ಬೇಳೆ ಮಾತ್ರ.

ಒಟ್ಟು ಸರಾಸರಿ ಮಾತ್ರ ಏರುತ್ತೆ. 24ಕ್ಕೆ 200, 28ಕ್ಕೆ 192.86, 30ಕ್ಕೆ 200. ಮೊದಲು 24 ಮತ್ತು 28 ಎರಡೂ ತಳವಾಗಿದ್ದವು, ಈಗ 28 ಒಂದೇ. ಅಂದ್ರೆ ಈ ರೇಖೆ ಮೇಲೂ ಹೋಯ್ತು, ತಳ ಸ್ವಲ್ಪ ಬಲಕ್ಕೂ ಸರಿಯಿತು. ಬಾಡಿಗೆ ಜಾಸ್ತಿ ಆದಷ್ಟೂ ಅದನ್ನು ಹಂಚಿಕೊಳ್ಳೋಕೆ ಜಾಸ್ತಿ ಚೀಲ ಬೇಕು, ಅದಕ್ಕೆ.

---

ದಾಲ್ ಮಿಲ್ ಮನೆ

ನನ್ನದೂ ಒಂದು ತಕರಾರು ಇದೆ. ನಿಮ್ಮ ಕೋಷ್ಟಕದಲ್ಲಿ ತೊಗರಿಯೇ ಇಲ್ಲ! ಕೂಲಿ ಒಂದೇ ಬದಲಾಗುವ ವೆಚ್ಚ ಅಂತೀರಿ. ಮಿಲ್ ನಡೆಸೋರಿಗೆ ಕೂಲಿ ಚಿಲ್ಲರೆ ಖರ್ಚು. ಗಂಜ್‌ನಿಂದ ಬರುವ ತೊಗರಿಯೇ ಎಲ್ಲಾ. ಒಂದು ಕ್ವಿಂಟಾಲ್ ತೊಗರಿ ಹಾಕಿದರೆ ಎಪ್ಪತ್ತು, ಎಪ್ಪತ್ತೈದು ಕೆಜಿ ಬೇಳೆ ಸಿಗುತ್ತೆ, ಉಳಿದದ್ದು ಹೊಟ್ಟು, ನುಚ್ಚು. ಒಂದು ಕ್ವಿಂಟಾಲ್ ಬೇಳೆಗೆ ಒಂದೂಕಾಲು ಕ್ವಿಂಟಾಲಿಗಿಂತ ಜಾಸ್ತಿ ತೊಗರಿ ಬೇಕೇ ಬೇಕು. ಆ ಖರ್ಚು ಸೇರಿಸಿದರೆ ನಿಮ್ಮ ಯು ಎಲ್ಲಿ ಉಳಿಯುತ್ತೆ? ನಮ್ಮ ಖಾತೆ ಪುಸ್ತಕದಲ್ಲಿ ಅಂತೂ ನನಗೆ ಯು ಕಂಡಿಲ್ಲ.

---

ಬೀದರ್ ಮೇಷ್ಟ್ರು

ಒಳ್ಳೆ ತಕರಾರು. ಲೆಕ್ಕಕ್ಕೆ ಒಂದು ಕ್ವಿಂಟಾಲ್ ಬೇಳೆಗೆ ತೊಗರಿ ಖರ್ಚು 9,000 ಅಂತ ಇಟ್ಟುಕೊಳ್ಳೋಣ. ಆಳು ಎಷ್ಟೇ ಇದ್ದರೂ ಆ 9,000 ಬದಲಾಗಲ್ಲ. ಆಗ ಸೀಮಾಂತ ವೆಚ್ಚ 9,150, 9,100, 9,075, 9,100, 9,150, 9,300 ಆಗುತ್ತೆ. ಸರಾಸರಿಗೂ ಪ್ರತಿ ಸಾಲಿಗೆ 9,000 ಸೇರುತ್ತೆ. ತಳ ಇದ್ದಲ್ಲೇ ಇದೆ, 18 ಮತ್ತು 24. ಛೇದವೂ ಅಲ್ಲೇ. ಎರಡೂ ರೇಖೆಯನ್ನು ಒಂದೇ ಸಮ ಮೇಲಕ್ಕೆ ಎತ್ತಿಟ್ಟ ಹಾಗೆ ಆಯಿತು ಅಷ್ಟೇ.

ನಿಮಗೆ ಯು ಕಾಣದೇ ಇರೋದಕ್ಕೆ ಕಾರಣವೂ ಇದೇ. 9,075 ಮತ್ತು 9,300ರ ನಡುವಿನ ವ್ಯತ್ಯಾಸ 225. ಗಂಜ್‌ನಲ್ಲಿ ತೊಗರಿ ದರ ಒಂದು ವಾರದಲ್ಲಿ ಅದಕ್ಕಿಂತ ಜಾಸ್ತಿ ಏರಿಳಿದರೆ ಯು ಅದರಲ್ಲಿ ಮುಚ್ಚಿಹೋಗುತ್ತೆ.

---

ದಾಲ್ ಮಿಲ್ ಮನೆ

ಅದು ಒಪ್ಪಿದೆ. ಆದರೆ ಪೂರ್ತಿ ಒಪ್ಪಲ್ಲ. ನಾವು ಆರನೇ ಆಳನ್ನು ಕರೆಯುವ ಹಂತಕ್ಕೇ ಹೋಗಲ್ಲ. ರೋಲರ್‌ಗೆ ಎಷ್ಟು ಜನ ಬೇಕೋ ಅಷ್ಟೇ ಇಟ್ಟು, ಮಾಲು ಜಾಸ್ತಿ ಬಂದರೆ ರಾತ್ರಿ ಪಾಳಿ ಹಾಕ್ತೀವಿ. ಹಗಲಿಗೆ ನಾಲ್ಕು ಜನ, ರಾತ್ರಿಗೆ ನಾಲ್ಕು ಜನ. ಬೇಳೆ ಎರಡು ಪಟ್ಟು. ಇಳಿಮುಖ ಎಲ್ಲಿ ಬಂತು?

---

ರ‍್ಯಾಂಕ್ ಬೇಕೇ ಬೇಕು

ಅದು ಪ್ರಮಾಣಾನುಗುಣ ಪ್ರತಿಫಲ. ದೀರ್ಘಾವಧಿ. ಎರಡು ಪಟ್ಟು ಹಾಕಿದರೆ ಎರಡು ಪಟ್ಟು ಬಂತು, ಸ್ಥಿರ ಪ್ರತಿಫಲ.

---

ಬೀದರ್ ಮೇಷ್ಟ್ರು

ದೀರ್ಘಾವಧಿ ಅನ್ನೋಕೆ ಎರಡನೇ ರೋಲರ್ ತರಬೇಕಿತ್ತು. ಇಲ್ಲಿ ಯಂತ್ರ ಅದೇ. ಆದರೆ ಅದು ಓಡುವ ಗಂಟೆ ಎರಡು ಪಟ್ಟಾಯಿತು. ಕೋಷ್ಟಕದಲ್ಲಿ ಒಂದು ಪಾಳಿಯ ರೋಲರ್ ಗಂಟೆ ಸ್ಥಿರ ಅಂತ ಇದೆ. ರಾತ್ರಿ ಪಾಳಿ ಹಾಕಿದ ಕೂಡಲೇ ಆ ಸ್ಥಿರವೇ ಸಡಿಲವಾಯಿತು. ಮಿಲ್ಲಿನವರು ಇಳಿಮುಖವನ್ನು ತಪ್ಪಿಸಿಕೊಂಡಿದ್ದು ಹೀಗೆ. ಪಾಳಿಯ ಒಳಗೆ ಮಾತ್ರ ಅದು ಇದ್ದೇ ಇರುತ್ತೆ.

ರಾತ್ರಿ ಪಾಳಿಗೆ ಕೂಲಿ ಅಷ್ಟೇ ಕೊಡ್ತೀರಾ?

---

ದಾಲ್ ಮಿಲ್ ಮನೆ

ಅಷ್ಟಕ್ಕೆ ಯಾರು ಬರ್ತಾರ್ರಿ! ಜಾಸ್ತಿ ಕೊಡ್ತೀವಿ, ಚಹಾ ನಾಷ್ಟಾ ಬೇರೆ.

---

ಬೀದರ್ ಮೇಷ್ಟ್ರು

ಹಾಗಾದರೆ ಸೀಮಾಂತ ಉತ್ಪನ್ನ ಇಳಿಯದಿದ್ದರೂ ಸೀಮಾಂತ ವೆಚ್ಚ ಏರಿತು. ನಾನು ಮೇಲೆ 600ನ್ನು ಎಲ್ಲಾ ಸಾಲಿಗೂ ಭಾಗಿಸಿದ್ದು ಕೂಲಿ ಒಂದೇ ಇದೆ ಅಂತ. ಪ್ರಶ್ನೆಯಲ್ಲಿ ಕೂಲಿ ಬದಲಾದರೆ ಆ ಅಡ್ಡದಾರಿ ನಡೆಯಲ್ಲ. ಆಗ ಒಟ್ಟು ವೆಚ್ಚ ಬರೆದು, ಕಳೆದು, ಆಮೇಲೆ ಭಾಗಿಸಬೇಕು.

---

ಸೇಡಂ ರೋಡ್ ಅಕ್ಕ

ಎಲ್ಲಾ ಮಾತಾಡಿದಿರಿ, ಮೊದಲನೇ ಪ್ರಶ್ನೆಗೆ ಯಾರೂ ಉತ್ತರ ಹೇಳಲಿಲ್ಲ. ಇಳಿಮುಖ ಯಾವ ಆಳಿನಿಂದ?

ನಾನು ಮಕ್ಕಳಿಗೆ ಹೇಳೋದು ನಾಲ್ಕನೇ ಆಳು. ಮೂರನೆಯವನಿಂದ 8 ಏರಿತು, ನಾಲ್ಕನೆಯವನಿಂದ 6. ಆದರೆ ಒಂದು ಗೈಡ್‌ನಲ್ಲಿ ಇಂಥದೇ ಕೋಷ್ಟಕಕ್ಕೆ ಐದನೇ ಆಳು ಅಂತ ಉತ್ತರ ಇದೆ. ಮಕ್ಕಳು ಗೈಡ್ ತೋರಿಸಿ ನನ್ನನ್ನೇ ಪ್ರಶ್ನೆ ಮಾಡ್ತಾರೆ.

---

ರ‍್ಯಾಂಕ್ ಬೇಕೇ ಬೇಕು

ಏಳನೇ ಆಳು ಅಲ್ವಾ? ಒಟ್ಟು ಉತ್ಪನ್ನ ಏರೋದು ನಿಲ್ಲೋದು ಅಲ್ಲೇ.

---

ಬೀದರ್ ಮೇಷ್ಟ್ರು

ಏಳು ಖಂಡಿತ ಅಲ್ಲ. ಅದು ಏರಿಕೆ ನಿಂತ ಜಾಗ. ಏರಿಕೆ ನಿಧಾನ ಆದ ಜಾಗ ಅದಕ್ಕಿಂತ ಎಷ್ಟೋ ಮುಂಚೆ ಇದೆ. ಶಹಾಪುರದವರು ಮೊದಲೇ ವಿಚಿತ್ರ ಅಂದಿದ್ದು ಇದಕ್ಕೇ.

ನಾಲ್ಕೋ ಐದೋ ಅನ್ನೋದಕ್ಕೆ ಪ್ರಶ್ನೆಯ ಪದ ನೋಡಬೇಕು. ಸೀಮಾಂತ ಉತ್ಪನ್ನ ಇಳಿಯೋಕೆ ಶುರುವಾಗುವುದು ಎಲ್ಲಿ ಅಂತ ಕೇಳಿದರೆ ನಾಲ್ಕು, ಅನುಮಾನವೇ ಇಲ್ಲ. ಬದಲಾಗುವ ಅನುಪಾತಗಳ ನಿಯಮದ ಎರಡನೇ ಹಂತ ಎಲ್ಲಿಂದ ಅಂತ ಕೇಳಿದರೆ ಸರಾಸರಿ ಉತ್ಪನ್ನದ ಶಿಖರದಿಂದ ಲೆಕ್ಕ. ಇಲ್ಲಿ ಸರಾಸರಿ ಮೂರು ಮತ್ತು ನಾಲ್ಕಕ್ಕೆ 6, ಐದನೆಯದಕ್ಕೆ 5.6. ಆ ಹಂತಕ್ಕೂ ಪುಸ್ತಕಗಳಲ್ಲಿ ಇಳಿಮುಖ ಪ್ರತಿಫಲದ ಹಂತ ಅಂತಲೇ ಹೆಸರು. ಗೈಡ್ ಬರೆದವರು ಆ ಲೆಕ್ಕ ಹಿಡಿದಿರಬೇಕು.

---

ಸೇಡಂ ರೋಡ್ ಅಕ್ಕ

ಆದರೆ ಪ್ರಶ್ನೆಯಲ್ಲಿ ಸುಮ್ನೆ «ಇಳಿಮುಖ ಪ್ರತಿಫಲ» ಅಂತ ಇದ್ದರೆ? ಎರಡನ್ನೂ ಆಯ್ಕೆಯಲ್ಲಿ ಕೊಟ್ಟಿದ್ದರೆ?

---

ಬೀದರ್ ಮೇಷ್ಟ್ರು

ನಾನಾದರೆ ನಾಲ್ಕು ಬರೀತೀನಿ, ಪಕ್ಕದಲ್ಲಿ ಸೀಮಾಂತ ಉತ್ಪನ್ನ 8ರಿಂದ 6ಕ್ಕೆ ಇಳಿಯಿತು ಅಂತ ಕಾರಣ ಕೊಡ್ತೀನಿ. ಕಾರಣ ಬರೆಯೋಕೆ ಜಾಗ ಇಲ್ಲದ ಪರೀಕ್ಷೆಯಲ್ಲಿ ಕೀ ಉತ್ತರ ಐದು ಅಂತ ಬಂದರೆ ಆಕ್ಷೇಪಣೆ ಹಾಕಬಹುದು. ಒಪ್ತಾರೋ ಇಲ್ಲವೋ ಅದು ಪ್ರಶ್ನೆ ತೆಗೆದವರ ಕೈಯಲ್ಲಿದೆ.

---

ರ‍್ಯಾಂಕ್ ಬೇಕೇ ಬೇಕು

ನಾನು ಐದೇ ಹಾಕ್ತೀನಿ. ಹಳೆ ಪ್ರಶ್ನೆಪತ್ರಿಕೆ ನೋಡಿದರೆ ಹಂತದ ಲೆಕ್ಕದಲ್ಲೇ ಜಾಸ್ತಿ ಕೇಳಿದ್ದಾರೆ.

---

ಸೇಡಂ ರೋಡ್ ಅಕ್ಕ

ಯಾವ ಪತ್ರಿಕೆ ಅಂತ ಇಲ್ಲಿ ಹಾಕಿ, ನೋಡೋಣ. ಹಂತ ಅಂತ ಪದ ಇದ್ದರೆ ಬೇರೆ ಮಾತು.

---

ಮಹಾಗಾಂವ ಕ್ರಾಸ್

ಸರ್, ಅಕ್ಕ, ತುಂಬಾ ಥ್ಯಾಂಕ್ಸ್. ಸೀಮಾಂತ ವೆಚ್ಚದ ತಳ ಮೂರನೇ ಸಾಲು, 75 ರೂಪಾಯಿ, 10ರಿಂದ 18ಕ್ಕೆ ಏರುವಾಗ. ಸರಾಸರಿಯದ್ದು 18 ಮತ್ತು 24. ಮೊದಲನೆಯದಕ್ಕೆ ನಾಲ್ಕನೇ ಆಳು ಅಂತ ಕಾರಣದ ಜೊತೆ ಬರೀತೀನಿ.

ಕಿರು ಪರೀಕ್ಷೆಯ ಇನ್ನೊಂದು ಪ್ರಶ್ನೆಯಲ್ಲಿ ಆಳಿನ ಕಾಲಂ ಇಲ್ಲವೇ ಇಲ್ಲ. ಉತ್ಪನ್ನ 0, 5, 10, 15ಕ್ಕೆ ಒಟ್ಟು ವೆಚ್ಚ 200, 350, 450, 600 ಅಂತ ಮಾತ್ರ ಇದೆ, ಸ್ಥಿರ ವೆಚ್ಚ ಎಷ್ಟು ಅಂತ ಕೇಳಿದ್ದಾರೆ. ಉತ್ಪನ್ನ ಸೊನ್ನೆ ಇದ್ದಾಗಿನ 200 ತಾನೆ? ಮತ್ತೆ ಸೀಮಾಂತ ವೆಚ್ಚ 150, 100, 150 ಅಲ್ಲ, 30, 20, 30?

---

ಬೀದರ್ ಮೇಷ್ಟ್ರು

ಹೌದು, 200. ಮತ್ತೆ 30, 20, 30.